ಹೋಟೆಲ್ ಸಾಮಾನಿಗೆ ಆರ್ಡರ್ ಕೊಟ್ಟಾಗಿದೆ, ಈಗ ಬೇಡ ಅಂತಾದ್ರೆ ಅಡ್ವಾನ್ಸ್ ಎಷ್ಟು ವಾಪಸ್ ಬರ್ತದೆ?

ಪ್ರಶ್ನೆ: "ಸರ್, ಉಡುಪಿಯಲ್ಲಿ ಸಣ್ಣದೊಂದು ವೆಜ್ ಹೋಟೆಲ್ ಶುರು ಮಾಡುವ ಅಂತ ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶಾಪಿಗೆ ಕಿಚನ್ ಸಾಮಾನಿನ ಆರ್ಡರ್ ಕೊಟ್ಟಿದ್ದೆ. ಒಟ್ಟು 6,40,000 ರೂ., ಜಿಎಸ್‌ಟಿ ಬೇರೆ. ಒಲೆ ಮೇಲಿನ ಹೊಗೆ ಎಳೆಯುವ ಹುಡ್ಡು 1,45,000, ಭಟ್ಟಿ-ಟೇಬಲ್-ಸಿಂಕ್ 1,75,000, ಕೌಂಟರ್ 90,000, ಗ್ರೈಂಡರ್ ಮತ್ತು ಫ್ರಿಜ್ಜು 2,30,000. 2 ಲಕ್ಷ ಅಡ್ವಾನ್ಸ್ ಬ್ಯಾಂಕಿಂದ ಹಾಕಿದ್ದೇನೆ, ಡೆಲಿವರಿ ಟೈಮಿಗೆ ಅಂತ 1,50,000ದ ಮುಂದಿನ ತಾರೀಕಿನ ಚೆಕ್ಕೂ ಕೊಟ್ಟಿದ್ದೇನೆ. 12 ದಿನ ಆಯ್ತು. ಈಗ ಕಟ್ಟಡದ ಓನರ್ ಅಣ್ಣ-ತಮ್ಮಂದಿರ ಪಾಲಿನ ತಕರಾರು ಕೋರ್ಟಿಗೆ ಹೋಗಿ ಬಾಡಿಗೆ ಅಗ್ರಿಮೆಂಟೇ ಆಗುದಿಲ್ಲ ಅಂತಾಗಿದೆ. ಕೊಟೇಶನಿನಲ್ಲಿ 'ಆರ್ಡರ್ ಕನ್ಫರ್ಮ್ ಆದ ಮೇಲೆ ಕ್ಯಾನ್ಸಲ್ ಇಲ್ಲ, ಅಡ್ವಾನ್ಸ್ ವಾಪಸ್ ಇಲ್ಲ' ಅಂತ ಉಂಟು, ನಾನು ವಾಟ್ಸಾಪಲ್ಲಿ ಓಕೆ ಅಂತ ಹಾಕಿದ್ದೇನೆ. ಅವರು ಒಳ್ಳೆ ಜನ, ಅವರಿಗೆ ಲಾಸ್ ಆಗ್ಬಾರ್ದು, ಆದ್ರೆ 2 ಲಕ್ಷ ಪೂರ್ತಿ ಬಿಡ್ಲಿಕ್ಕೆ ನನ್ನಿಂದಾಗುದಿಲ್ಲ. ಎಂತ ಬರೆಯುದು, ಎಷ್ಟು ಕೊಡುದು?"

ಉತ್ತರ:

ಮೊದಲು ಅವರಿಗೊಂದು ಫೋನ್ ಮಾಡಿ, ಉಳಿದದ್ದು ಆಮೇಲೆ ಓದಿ. "ಕಟ್ಟಡದ್ದು ತೊಂದರೆ ಆಗಿದೆ, ನನ್ನ ಕೆಲಸ ಎಲ್ಲಿಗೆ ಬಂದಿದೆಯೋ ಅಲ್ಲಿಗೇ ನಿಲ್ಲಿಸಿ, ಈಗಲೇ ಮೆಸೇಜ್ ಹಾಕ್ತೇನೆ" ಅಂತ ಇಷ್ಟೇ ಹೇಳಿ. ಫೋನ್ ಇಟ್ಟ ಕೂಡ್ಲೇ ಅದನ್ನೇ ವಾಟ್ಸಾಪಲ್ಲಿ ಹಾಕಿ, ಟೈಮು ತಾರೀಕು ಅದ್ರಲ್ಲೇ ಬರ್ತದೆ. ಲೆಟರ್ ನಾಳೆ ಬರೆದ್ರೂ ಆಗ್ತದೆ ಆದ್ರೆ ಕೆಲಸ ನಿಲ್ಲಿಸಿ ಅನ್ನುದು ಇವತ್ತೇ ಹೋಗ್ಬೇಕು, ಯಾಕಂದ್ರೆ ನಿಮ್ಮ ಕೈಯಿಂದ ಹೋಗುವ ದುಡ್ಡು ಎಷ್ಟು ಅಂತ ನಿರ್ಧಾರ ಆಗುದು ನೀವು ಹೇಳಿದ ಹೊತ್ತಿಗೆ ಎಷ್ಟು ಶೀಟು ಕಟ್ ಆಗಿತ್ತು ಅನ್ನುದರ ಮೇಲೆ. ನನ್ನ ಹತ್ರ ಬರುವ ಹೆಚ್ಚಿನವರು "ಹೇಗೆ ಹೇಳುದು" ಅಂತ ಮುಜುಗರದಲ್ಲಿ ಒಂದು ವಾರ ಸುಮ್ಮನೆ ಕೂತಿರ್ತಾರೆ, ಆ ಒಂದು ವಾರದಲ್ಲಿ ಹುಡ್ಡು ವೆಲ್ಡಿಂಗ್ ಮುಗಿದು ಪಾಲಿಶಿಗೆ ಹೋಗಿರ್ತದೆ, ಆಮೇಲೆ ಮಾತಾಡ್ಲಿಕ್ಕೆ ಜಾಗವೇ ಇರುದಿಲ್ಲ.

ಈಗ ಕಾನೂನಿನ ವಿಷ್ಯ. ಇದನ್ನು ಸ್ವಲ್ಪ ನೇರವಾಗಿಯೇ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಕನ್ಫರ್ಮ್ ಆದ ಆರ್ಡರನ್ನು ಕ್ಯಾನ್ಸಲ್ ಮಾಡುವ ಹಕ್ಕು ಅಂತ ಒಂದು ನಿಮಗೆ ಇಲ್ಲ. ಕೊಟೇಶನಿಗೆ ವಾಟ್ಸಾಪಲ್ಲಿ ಓಕೆ ಅಂದು ಅಡ್ವಾನ್ಸ್ ಹಾಕಿದಲ್ಲಿಗೆ ಕರಾರು ಆಗಿ ಹೋಯ್ತು, ಸ್ಟಾಂಪ್ ಪೇಪರ್ ಇಲ್ಲ, ಸೈನ್ ಇಲ್ಲ ಅಂತ ಹೇಳಿ ಪ್ರಯೋಜನ ಇಲ್ಲ. "24 ಗಂಟೆ ಒಳಗೆ ಹೇಳಿದ್ರೆ ಎಂತದ್ದೂ ಕೊಡ್ಲಿಕ್ಕಿಲ್ಲ" ಅಂತ ಸುಮಾರು ಜನ ನಂಬಿದ್ದಾರೆ, ಹೀಗೆ ಮಾಡಿಸುವ ಸಾಮಾನಿಗೆ ಅಂಥ ಕಾನೂನು ನಮ್ಮಲ್ಲಿಲ್ಲ. ಇನ್ನೊಂದು, "ಕಟ್ಟಡ ಕೈ ತಪ್ಪಿದ್ದು ನನ್ನ ತಪ್ಪಲ್ಲ, ಹಾಗಾಗಿ ಕರಾರೇ ಬಿದ್ದು ಹೋಯ್ತು" ಅನ್ನುವ ವಾದ. ಕರಾರು ಕಾಯ್ದೆಯ 56ನೇ ಸೆಕ್ಷನಿನಲ್ಲಿ, ಕೆಲಸ ಮಾಡ್ಲಿಕ್ಕೇ ಅಸಾಧ್ಯ ಆದ್ರೆ ಕರಾರು ರದ್ದು ಅಂತ ಉಂಟು, ಸರಿ. ಆದ್ರೆ ಇಲ್ಲಿ ಅವರಿಗೆ ಸಾಮಾನು ಮಾಡ್ಲಿಕ್ಕೆ ಎಂತ ಅಡ್ಡಿ ಉಂಟು? ಎಂತದೂ ಇಲ್ಲ. ನಿಮಗೆ ಇಡ್ಲಿಕ್ಕೆ ಜಾಗ ಇಲ್ಲ, ಅಷ್ಟೆ. ಅದು ನಿಮ್ಮ ಬದಿಯ ತೊಂದರೆ ಅಂತ ಮಾತ್ರ ಆಗ್ತದೆ.

ಹಾಗಾದ್ರೆ ನೀವು ಬರೆಯುವ ಕಾಗದ ಎಂತದ್ದು? ಅದು ಕರಾರು ಮುರಿತಾ ಇದ್ದೇನೆ, ಅದ್ರಿಂದ ನಿಮಗೆ ಆಗುವ ನ್ಯಾಯವಾದ ಖರ್ಚು ಕೊಡ್ತೇನೆ, ಒಪ್ಪಿ ಬಿಡುಗಡೆ ಮಾಡಿ ಅಂತ ಕೇಳುವ ಕಾಗದ. ಅವರು ಒಪ್ಪಿದ ಮೇಲೆಯೇ ಆರ್ಡರ್ ನಿಜವಾಗಿ ಕ್ಯಾನ್ಸಲ್ ಆಗುದು. ಇದು ಮನಸ್ಸಲ್ಲಿದ್ರೆ ಕಾಗದದ ಧಾಟಿ ತಾನಾಗಿ ಸರಿ ಬರ್ತದೆ.

ಇನ್ನು "ಅಡ್ವಾನ್ಸ್ ವಾಪಸ್ ಇಲ್ಲ" ಅನ್ನುವ ಸಾಲು. ಅದನ್ನು ಓದಿ ನೀವು ಹೆದರಿದ್ದು ಸಹಜ, ಆದ್ರೆ ಆ ಸಾಲು ಇದೆ ಅಂತ ಮಾತ್ರಕ್ಕೆ 2 ಲಕ್ಷ ಅವರದ್ದಾಗುದಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಇಂತಿಷ್ಟು ದಂಡ ಅಂತ ಬರೆದಿದ್ರೂ ಸಿಗುದು "ನ್ಯಾಯವಾದ ಪರಿಹಾರ" ಮಾತ್ರ, ಬರೆದದ್ದು ಅದಕ್ಕೆ ಗರಿಷ್ಠ ಮಿತಿ. ಸುಪ್ರೀಂ ಕೋರ್ಟ್ ಇದನ್ನು 1969ರಲ್ಲೇ ಮೌಲಾ ಬಕ್ಸ್ ಅನ್ನುವ ಕೇಸಲ್ಲಿ ಹೇಳಿದೆ, ಅದು ಮಿಲಿಟರಿಗೆ ಬಟಾಟೆ, ಮೊಟ್ಟೆ, ಮೀನು ಸಪ್ಲೈ ಮಾಡುವ ಕಂಟ್ರಾಕ್ಟರನ ಕೇಸು. ಆತ ಸರಿಯಾಗಿ ಸಪ್ಲೈ ಮಾಡ್ಲಿಲ್ಲ ಅಂತ ಸರ್ಕಾರ ಅವನ 10,000 ಮತ್ತು 8,500 ರೂಪಾಯಿ ಡೆಪಾಸಿಟ್ಟು ಮುಟ್ಟುಗೋಲು ಹಾಕಿತ್ತು. ಕೋರ್ಟ್ ಕೇಳಿದ್ದು ಎಂತ ಅಂದ್ರೆ, ನೀವು ಬೇರೆ ಕಡೆಯಿಂದ ಬಟಾಟೆ ತಂದಿದ್ರೆ ಎಷ್ಟು ಜಾಸ್ತಿ ಕೊಟ್ರಿ ಅಂತ ತೋರಿಸ್ಬಹುದಿತ್ತಲ್ಲ, ಯಾಕೆ ತೋರಿಸ್ಲಿಲ್ಲ? ಲಾಸ್ ಎಷ್ಟು ಅಂತ ಲೆಕ್ಕ ಹಾಕ್ಲಿಕ್ಕೆ ಆಗುವ ಕಡೆ ಲೆಕ್ಕ ಹಾಕಿ ತೋರಿಸ್ಲೇಬೇಕು. ಅಲ್ಲಿ ತಪ್ಪಿದ್ದು ಮಾರುವವ, ಇಲ್ಲಿ ಕೊಳ್ಳುವವ, ನಿಯಮ ಒಂದೇ. ಸ್ಟೀಲ್ ಶೀಟು, ಕೂಲಿ, ಸಾಗಾಟ ಎಲ್ಲ ಬಿಲ್ಲಲ್ಲಿ ತೋರಿಸ್ಲಿಕ್ಕೆ ಆಗುವಂಥದ್ದೇ.

ಒಂದು ಎಚ್ಚರಿಕೆ ಉಂಟು. ಕರಾರಲ್ಲಿ ಅದನ್ನು ಅಡ್ವಾನ್ಸ್ ಅಂದಿದ್ದಾರಾ ಅಥವಾ ಕರಾರು ಉಳಿಸ್ತೇನೆ ಅನ್ನುದಕ್ಕೆ ಇಟ್ಟ ಖಾತರಿ ಹಣ, ತಪ್ಪಿದ್ರೆ ಮುಟ್ಟುಗೋಲು ಅಂತ ಸ್ಪಷ್ಟವಾಗಿ ಬರೆದಿದ್ದಾರಾ ನೋಡಿ. ಖಾತರಿ ಹಣ ಆಗಿದ್ದು, ಮೊತ್ತವೂ ಹದದಲ್ಲಿದ್ರೆ ಅವರು ಇಟ್ಟುಕೊಳ್ಳುವ ವಾದಕ್ಕೆ ಬಲ ಬರ್ತದೆ. ನಿಮ್ಮದು 6,40,000ದಲ್ಲಿ 2 ಲಕ್ಷ, ಅಂದ್ರೆ ಮೂರನೇ ಒಂದು ಪಾಲಿಗೆ ಹತ್ತಿರ, ಇಷ್ಟು ದೊಡ್ಡ ಮೊತ್ತವನ್ನು ಬೆಲೆಯ ಒಂದು ಕಂತು ಅಂತ ಹೇಳ್ಬಹುದೇ ಹೊರತು ಖಾತರಿ ಹಣ ಅಂತ ಹೇಳುದು ಕಷ್ಟ.

ಅವರ ಬದಿಯದ್ದೂ ಹೇಳ್ಬೇಕು. ನೀವು ಅವರಿಗೆ ಶೀಟಿನ ದುಡ್ಡು, ಕೂಲಿ ಮಾತ್ರ ಕೊಟ್ರೆ ಮುಗೀತು ಅಂತಲ್ಲ. ಈ ಕೆಲಸ ಪೂರ್ತಿ ಆಗಿದ್ರೆ ಅವರಿಗೆ ಸಿಗ್ಬೇಕಿದ್ದ ಲಾಭವನ್ನೂ ಅವರು 73ನೇ ಸೆಕ್ಷನಿನಲ್ಲಿ ಕೇಳ್ಬಹುದು, ಅಳತೆಗೆ ಮಾಡಿದ ಸಾಮಾನಿನ ಮಟ್ಟಿಗೆ ಅದು ಗಟ್ಟಿ ವಾದವೇ. ಆದ್ರೆ ಅದೇ ಸೆಕ್ಷನಿನ ವಿವರಣೆಯಲ್ಲಿ ಇನ್ನೊಂದು ಮಾತೂ ಉಂಟು, ಲಾಸ್ ತಪ್ಪಿಸಿಕೊಳ್ಳುವ ದಾರಿ ಅವರ ಕೈಯಲ್ಲಿ ಏನಿತ್ತು ಅನ್ನುದನ್ನೂ ಲೆಕ್ಕಕ್ಕೆ ಹಿಡೀಬೇಕು ಅಂತ. ಬೇರೆಯವರಿಗೆ ಮಾರ್ಲಿಕ್ಕೆ ಆಗುವ ಗ್ರೈಂಡರನ್ನು ಮೂಲೆಯಲ್ಲಿಟ್ಟು ಅದರ ಪೂರ್ತಿ ಬೆಲೆ ನಿಮ್ಮ ಹತ್ರ ಕೇಳ್ಲಿಕ್ಕೆ ಆಗುದಿಲ್ಲ. ಬೈಕಂಪಾಡಿಯಂಥ ಕಡೆ ಇಂಥ ಶಾಪಿಗೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ ಕಡೆಯ ಹೋಟೆಲಿನವರು, ಹಾಲ್‌ನವರು, ಕ್ಯಾಟರಿಂಗಿನವರು, ಬ್ರಹ್ಮಕಲಶ ಇರುವ ದೇವಸ್ಥಾನದವರು ಬರ್ತಾ ಇರ್ತಾರೆ, ಸಾಧಾರಣ ಅಳತೆಯ ಟೇಬಲು, ಸಿಂಕು, ದೋಸೆ ಕಾವಲಿಯ ಭಟ್ಟಿ ಹೆಚ್ಚು ದಿನ ಉಳಿಯುದಿಲ್ಲ.

ಇಲ್ಲಿಗೆ ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಬರ್ತದೆ, ಎಷ್ಟು ಕೊಡುದು. ಆರ್ಡರಿನ ಮೇಲೆ ಶೇಕಡಾ ಇಷ್ಟು ಅಂತ ಮಾತಾಡ್ಲೇಬೇಡಿ. ಶೇಕಡಾ ಮಾತು ಬಂದ್ರೆ ಮುಟ್ಟದ ಫ್ರಿಜ್ಜಿಗೂ ಕಟ್ ಆದ ಹುಡ್ಡಿಗೂ ಒಂದೇ ಅಳತೆ ಬೀಳ್ತದೆ, ಅದು ನಿಮಗೂ ಲಾಸು, ಕೆಲವೊಮ್ಮೆ ಅವರಿಗೂ ಲಾಸು. ಐಟಂ ಐಟಂ ಬಿಡಿಸಿ ಕೂತ್ಕೊಳ್ಳಿ. ನಾನು ಆ ಶಾಪಿನ ಒಳಗೆ ನೋಡಿಲ್ಲ, ಹಾಗಾಗಿ 12 ದಿನದಲ್ಲಿ ಆಗಿರಬಹುದಾದದ್ದನ್ನು ಊಹೆ ಮಾಡಿ ಒಂದು ಲೆಕ್ಕ ಹಾಕಿ ತೋರಿಸ್ತೇನೆ, ನೀವು ನಿಜವಾದ ಅಂಕಿ ತುಂಬಿಸಿ.

ಗ್ರೈಂಡರ್ ಮತ್ತು ಫ್ರಿಜ್ಜು ಅವರು ಮಾಡುದಲ್ಲ, ಕಂಪೆನಿಯಿಂದ ತರಿಸುದು. ಗ್ರೈಂಡರ್ ಕೊಯಮತ್ತೂರಿಂದ ಬಂದು ಇಳಿದಿದೆ, ಫ್ರಿಜ್ಜಿಗೆ ಆರ್ಡರ್ ಮಾತ್ರ ಹೋಗಿದೆ ಅಂತಿಟ್ಟುಕೊಳ್ಳುವ. ಪೆಟ್ಟಿಗೆ ಒಡೆಯದ ಗ್ರೈಂಡರು ಬೇರೆ ಗಿರಾಕಿಗೆ ಹೋಗ್ತದೆ, ಹಾಗಾಗಿ ಕೊಡ್ಬೇಕಾದ್ದು ಲಾರಿ ಬಾಡಿಗೆ, ಇಳಿಸಿದ ಕೂಲಿ, ಫ್ರಿಜ್ಜಿನ ಡೀಲರ್ ಏನಾದ್ರೂ ಹಿಡ್ಕೊಂಡ್ರೆ ಅದು. ಒಟ್ಟು 9,000 ಅಂತ ಹಿಡಿಯುವ. 2,30,000ದ ಸಾಮಾನಿಗೆ ಹೋದದ್ದು ಇಷ್ಟೇ, ನೋಡಿ.

ಭಟ್ಟಿ, ಟೇಬಲ್, ಸಿಂಕಿನಲ್ಲಿ 75,000ದ ಭಟ್ಟಿ ಮಾತ್ರ ತಯಾರಾಗಿದೆ, ಟೇಬಲ್ ಶುರು ಆಗಿಲ್ಲ ಅಂತಿಟ್ಟುಕೊಳ್ಳಿ. ಭಟ್ಟಿಯ ಅಳತೆ ಸಾಧಾರಣದ್ದೇ ಆದ್ರೆ ಬೇರೆಯವರಿಗೆ ಹತ್ತು ಪರ್ಸೆಂಟ್ ಕಡಿಮೆ ಮಾಡಿ ಕೊಡ್ಬೇಕಾದೀತು, 7,500. ಟೇಬಲಿನ ಶೀಟು ಇಡೀ ಎಂಟು-ನಾಲ್ಕು ಅಡಿದು ಹಾಗೇ ಇದ್ರೆ ನಾಳೆಯ ಇನ್ನೊಂದು ಕೆಲಸಕ್ಕೆ ಅದೇ ಹೋಗ್ತದೆ, ಅದಕ್ಕೆ ಎಂತದ್ದೂ ಇಲ್ಲ.

ಕೌಂಟರಿಗೆ ಬಂದು ಅಳತೆ ತೆಗೆದು ಡ್ರಾಯಿಂಗ್ ಮಾಡಿದ್ದಾರೆ, ಗ್ರಾನೈಟ್ ಕಟ್ ಆಗಿಲ್ಲ. ಡ್ರಾಯಿಂಗಿಗೆ 5,000 ಕೊಡಿ. ಅದನ್ನು ಜಗ್ಗಾಡ್ಬೇಡಿ, ಬಂದು ಅಳತೆ ತೆಗೆದದ್ದು ಅವರ ಕೆಲಸವೇ ಅಲ್ವಾ.

ನಿಜವಾದ ಪೆಟ್ಟು ಇರುದು ಹುಡ್ಡಿನಲ್ಲಿ. ಎಕ್ಸಾಸ್ಟ್ ಹುಡ್ಡು ನಿಮ್ಮ ಗೋಡೆಯ ಅಳತೆಗೆ, ನಿಮ್ಮ ಕಿಟಿಕಿಯ ಕಡೆಗೆ ಡಕ್ಟ್ ಬರುವ ಹಾಗೆ ಮಾಡಿದ್ದು, 11 ಅಡಿ 3 ಇಂಚಿನ ಹುಡ್ಡು ಇನ್ನೊಬ್ಬರಿಗೆ ಕೂರುದೇ ಇಲ್ಲ. ಶೀಟು 52,000, ಕಟ್ಟಿಂಗ್ ಬೆಂಡಿಂಗ್ ವೆಲ್ಡಿಂಗ್ ಕೂಲಿ 18,000, ಒಟ್ಟು 70,000 ಹೋಗಿದೆ ಅಂತ ಹಿಡಿಯುವ. ಅದ್ರಲ್ಲಿ ಬಿಚ್ಚಿ ಬೇರೆಯದಕ್ಕೆ ಬಳಸ್ಲಿಕ್ಕೆ ಆಗುವ ತುಂಡು, ಉಳಿದದ್ದರ ಗುಜರಿ ಬೆಲೆ ಸೇರಿ 22,000 ವಾಪಸ್ ಬಂದ್ರೆ ನಿಜ ಲಾಸ್ 48,000. ಇಲ್ಲಿ ಒಂದು ವಿಷ್ಯ ಗಮನಿಸಿ, ಸ್ಟೀಲು 304 ಗ್ರೇಡಾ 202 ಗ್ರೇಡಾ ಅಂತ ಕೇಳಿ. 304ರಲ್ಲಿ ನಿಕಲ್ ಜಾಸ್ತಿ ಇರುದರಿಂದ ಗುಜರಿಗೂ ಒಳ್ಳೆ ರೇಟ್ ಉಂಟು. ಕೊಟೇಶನಿನಲ್ಲಿ 304 ಅಂತ ಹಾಕಿ ಲಾಸ್ ಲೆಕ್ಕದಲ್ಲಿ ಗುಜರಿಗೆ 202ರ ರೇಟ್ ಹಿಡಿದಿದ್ರೆ ಅದನ್ನು ಮೆಲ್ಲ ಕೇಳ್ಬಹುದು. ಡಕ್ಟಿನ ಪೈಪು ಶುರು ಆಗಿಲ್ಲ ಅಂದ್ರೆ ಅದಕ್ಕೆ ಲೆಕ್ಕ ಇಲ್ಲ.

ಇಷ್ಟು ಕೂಡಿಸಿದ್ರೆ 9,000, 7,500, 5,000, 48,000, ಒಟ್ಟು 69,500. ಇದಕ್ಕೆ ಅವರ ಲಾಭದ ಬಾಬ್ತು ಒಂದು 12,000 ಸೇರಿಸಿ 81,500 ಅಂತ ಮಾಡಿದ್ರೆ ಹೆಚ್ಚಿನ ಶಾಪಿನವರು ಮಾತಿಗೆ ಬರ್ತಾರೆ. ಆ 12,000 ಯಾಕೆ ಅಂದ್ರೆ, ಪೂರ್ತಿ ಲಾಭ ಕೇಳುವ ಹಕ್ಕು ಅವರಿಗೆ ಉಂಟು, ಅದನ್ನು ಬಿಟ್ಟುಕೊಡಿ ಅಂತ ನೀವು ಕೇಳ್ತಾ ಇದ್ದೀರಿ, ಬರಿಗೈಯಲ್ಲಿ ಕೇಳುದು ಸರಿಯಲ್ಲ. ಆಗ 2 ಲಕ್ಷದಲ್ಲಿ ನಿಮಗೆ ವಾಪಸ್ ಬರುದು 1,18,500. ಹುಡ್ಡು ಪೂರ್ತಿ ಮುಗಿದು ಡಕ್ಟೂ ಆಗಿದ್ರೆ ಇದೇ ಲೆಕ್ಕ ಸುಲಭದಲ್ಲಿ 50,000 ಏರ್ತದೆ, ಅದಕ್ಕೇ ಮೊದಲು ಫೋನ್ ಮಾಡಿ ಅಂದದ್ದು.

ಲೆಕ್ಕ ಸರಿಯಾ ಅಂತ ತಿಳಿಯುದು ಹೇಗೆ? ನೀವೇ ಹೋಗಿ ನೋಡಿ, ಅವರ ಒಪ್ಪಿಗೆ ತಕ್ಕೊಂಡು ಪ್ರತಿ ಐಟಂನ ಫೋಟೋ ತೆಗೀರಿ. ಶೀಟಿನ ಪರ್ಚೇಸ್ ಬಿಲ್ಲಿನ ತಾರೀಕು ನಿಮ್ಮ ಆರ್ಡರಿನ ನಂತರದ್ದಾ ಅಂತ ನೋಡಿ, ಮೊದಲೇ ಸ್ಟಾಕಲ್ಲಿದ್ದ ಶೀಟನ್ನು "ನಿಮಗೋಸ್ಕರ ತಂದದ್ದು" ಅಂತ ತೋರಿಸುದುಂಟು. ಆದ್ರೆ ಹೋದಾಗ ಒಂದು ಮಾತು ಬಾಯಿಂದ ಬೀಳ್ಬಾರ್ದು: ಮುಗಿದ ಸಾಮಾನನ್ನು ನೋಡಿ "ಚೆಂದ ಆಗಿದೆ, ಇದನ್ನು ನನ್ನ ಹೆಸರಲ್ಲಿ ಬದಿಗಿಡಿ" ಅನ್ನುದು. ಸರಕು ಮಾರಾಟ ಕಾಯ್ದೆಯಲ್ಲಿ, ತಯಾರಾದ ವಸ್ತುವನ್ನು ಇದು ಇಂಥವರದ್ದು ಅಂತ ಇಬ್ಬರೂ ಒಪ್ಪಿ ಬೇರೆ ಇಟ್ಟಲ್ಲಿಗೆ ಅದರ ಮಾಲೀಕತ್ವ ನಿಮಗೆ ದಾಟಿತು ಅಂತ ಆಗ್ಬಹುದು, ಹಾಗೆ ದಾಟಿದ್ರೆ ಅವರು ಲಾಸ್ ಮಾತ್ರ ಅಲ್ಲ, ಪೂರ್ತಿ ಬೆಲೆಗೇ ಕೇಸ್ ಹಾಕ್ಬಹುದು. ಒಳ್ಳೆ ಮನಸ್ಸಲ್ಲಿ ಆಡಿದ ಮಾತು ದೊಡ್ಡ ಮೊತ್ತಕ್ಕೆ ತಿರುಗ್ತದೆ.

ಈಗ ಕಾಗದ. ಕಾರಣ ಎರಡೇ ಸಾಲು, ನಿಜವಾದದ್ದು. ಕಾರಣದಿಂದ ನಿಮ್ಮ ಹೊಣೆ ಕಡಿಮೆ ಆಗುದಿಲ್ಲ, ಆದ್ರೆ ಎದುರಿನವರಿಗೆ ನೀವು ಬೇರೆ ಕಡೆ ಕಡಿಮೆಗೆ ಸಿಕ್ಕಿತು ಅಂತ ಬಿಟ್ಟದ್ದಲ್ಲ ಅಂತ ಗೊತ್ತಾಗ್ಬೇಕು, ಅಲ್ಲಿಂದಲೇ ಅವರು ಎಷ್ಟು ಬಿಗಿ ಹಿಡೀತಾರೆ ಅನ್ನುದು ಶುರು ಆಗುದು. ನೆಪಕ್ಕೆ ಅವರ ತಪ್ಪು ಹುಡುಕ್ಬೇಡಿ. "ನೀವು ಲೇಟ್ ಮಾಡಿದ್ರಿ" ಅಂತ ಸುಮ್ಮನೆ ಸೇರಿಸಿದ್ರೆ ಅವರಿಗೆ ಸಿಟ್ಟು ಬರ್ತದೆ, ನಾಳೆ ಕೋರ್ಟಿಗೆ ಹೋದ್ರೆ ಡೆಲಿವರಿ ತಾರೀಕೇ ಬಂದಿರ್ಲಿಲ್ಲ ಅಂತ ನಿಮ್ಮ ಕಾಗದವೇ ನಿಮಗೆ ವಿರುದ್ಧ ಆಗ್ತದೆ. ನಿಜವಾಗಿ ಲೇಟ್ ಆಗಿದ್ರೆ ಅದು ಬೇರೆಯೇ ದಾರಿ, ನಿಮ್ಮದು ಅದಲ್ಲ.

ನಾನು ಬರೆದು ಕೊಡುದಾದ್ರೆ ಹೀಗೆ ಬರೀತೇನೆ, ತಾರೀಕು ನಂಬ್ರ ನಿಮ್ಮದು ಹಾಕಿ:

"ಮಾನ್ಯರೇ, ನಿಮ್ಮ ಕೊಟೇಶನ್ ನಂಬ್ರ ___, ತಾರೀಕು ___ರಂತೆ ನಾವು ಕೊಟ್ಟ ಕಿಚನ್ ಸಾಮಾನಿನ ಆರ್ಡರನ್ನು ಮುಂದುವರಿಸಲು ನಮ್ಮಿಂದ ಆಗುತ್ತಿಲ್ಲ. ಹೋಟೆಲ್ ತೆರೆಯಬೇಕಿದ್ದ ಕಟ್ಟಡದ ಮಾಲೀಕರ ನಡುವೆ ವ್ಯಾಜ್ಯ ಇರುವುದರಿಂದ ಬಾಡಿಗೆ ಕರಾರು ಆಗುವುದಿಲ್ಲ ಎಂದು ___ರಂದು ತಿಳಿದುಬಂತು. ಇದರಲ್ಲಿ ನಿಮ್ಮ ಕಡೆಯಿಂದ ಯಾವ ಲೋಪವೂ ಇಲ್ಲ.

ತಾರೀಕು ___ರಂದು ಗಂಟೆ ___ಕ್ಕೆ ಫೋನಿನಲ್ಲಿ ಮತ್ತು ವಾಟ್ಸಾಪಿನಲ್ಲಿ ತಿಳಿಸಿದಂತೆ ದಯವಿಟ್ಟು ಎಲ್ಲಾ ಕೆಲಸವನ್ನು ಈಗಿರುವ ಹಂತದಲ್ಲೇ ನಿಲ್ಲಿಸಿ, ಹೊರಗಿನಿಂದ ತರಿಸುವ ಸಾಮಾನಿನ ಆರ್ಡರನ್ನೂ ತಡೆಯಿರಿ.

ಆ ಹೊತ್ತಿನವರೆಗೆ ನಮ್ಮ ಆರ್ಡರಿಗಾಗಿಯೇ ನಿಮಗೆ ಆಗಿರುವ ನ್ಯಾಯವಾದ ಖರ್ಚನ್ನು, ಬೇರೆಡೆ ಬಳಸಲು ಅಥವಾ ಮಾರಲು ಆಗುವ ಸಾಮಾನಿನ ಬೆಲೆಯನ್ನು ಕಳೆದು, ಬಿಲ್ಲುಗಳ ಆಧಾರದಲ್ಲಿ ಭರಿಸಲು ನಾವು ಸಿದ್ಧರಿದ್ದೇವೆ. ಐಟಂವಾರು ಲೆಕ್ಕವನ್ನು 5 ದಿನದೊಳಗೆ ಕಳಿಸಿಕೊಡಿ, ನಾವು ಬಂದು ನೋಡುತ್ತೇವೆ. ಒಪ್ಪಿದ ಮೊತ್ತವನ್ನು ನಮ್ಮ 2,00,000 ರೂ. ಅಡ್ವಾನ್ಸಿನಲ್ಲಿ ಹಿಡಿದು ಉಳಿದದ್ದನ್ನು 15 ದಿನದೊಳಗೆ ಹಿಂದಿರುಗಿಸಬೇಕಾಗಿ ವಿನಂತಿ.

ಡೆಲಿವರಿ ಸಮಯಕ್ಕೆಂದು ಕೊಟ್ಟಿದ್ದ ಚೆಕ್ ನಂಬ್ರ ___ನ್ನು ಬ್ಯಾಂಕಿಗೆ ಹಾಕದೆ ನಮಗೆ ವಾಪಸ್ ಕೊಡಿ. ಇದು ಮಾತುಕತೆಯಲ್ಲಿ ಮುಗಿಸುವ ಉದ್ದೇಶದಿಂದ ಬರೆದದ್ದು, ಇಬ್ಬರ ಕಾನೂನಿನ ಹಕ್ಕುಗಳೂ ಹಾಗೇ ಇರುತ್ತವೆ."

ಇದ್ರಲ್ಲಿ "ನ್ಯಾಯವಾದ", "ನಮ್ಮ ಆರ್ಡರಿಗಾಗಿಯೇ", "ಬಿಲ್ಲುಗಳ ಆಧಾರದಲ್ಲಿ", "ಆ ಹೊತ್ತಿನವರೆಗೆ", ಈ ನಾಲ್ಕನ್ನು ಬಿಡ್ಬೇಡಿ. ಮುಜುಗರದಲ್ಲಿ "ಎಷ್ಟಾದ್ರೂ ಕೊಡ್ತೇವೆ, ನೀವೇ ಹೇಳಿ" ಅಂತ ಬರೆದವರ ಕಾಗದ ನೋಡಿದ್ದೇನೆ, ಆಮೇಲೆ ಬಂದ ಲೆಕ್ಕದಲ್ಲಿ ಶಾಪಿನ ಬಾಡಿಗೆಯೂ ಇತ್ತು. ಹಾಗೇ ಮೊದಲ ಕಾಗದದಲ್ಲೇ ನೀವಾಗಿ ಒಂದು ಮೊತ್ತ ಹಾಕ್ಬೇಡಿ, ಅವರ ಲೆಕ್ಕ ಬರ್ಲಿ. ಮೇಲ್ ಮಾಡಿ, ವಾಟ್ಸಾಪಲ್ಲೂ ಹಾಕಿ, ಒಂದು ಪ್ರತಿ ಸ್ಪೀಡ್ ಪೋಸ್ಟಲ್ಲೂ ಹೋಗ್ಲಿ, ಮುಟ್ಟಿದ್ದಕ್ಕೆ ದಾಖಲೆ ಇರ್ತದೆ.

ಚೆಕ್ಕಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನಿಮ್ಮ ನಿದ್ದೆ ಕೆಡಿಸುದು ಅದುವೇ ಇರ್ಬೇಕು. ಅವರು ಸಿಟ್ಟಲ್ಲಿ ಚೆಕ್ ಹಾಕಿದ್ರೆ, ನೀವು ಪೇಮೆಂಟ್ ನಿಲ್ಲಿಸಿದ್ರೆ, ಚೆಕ್ ಬೌನ್ಸಿಗೆ ಇರುವ 138ನೇ ಸೆಕ್ಷನಿನ ಕ್ರಿಮಿನಲ್ ಕೇಸ್ ಆಗ್ತದಾ? ಸ್ಟಾಪ್ ಪೇಮೆಂಟ್ ಮಾಡಿದ್ರೆ 138 ಬರುದಿಲ್ಲ ಅನ್ನುದು ತಪ್ಪು ನಂಬಿಕೆ, ಬರ್ತದೆ. ಆದ್ರೆ ಅದಕ್ಕೆ ಚೆಕ್ ಬರೆದದ್ದು ನಿಜವಾಗಿ ಇದ್ದ ಸಾಲಕ್ಕೋ ಬಾಕಿಗೋ ಆಗಿರ್ಬೇಕು. ಪರ್ಚೇಸ್ ಆರ್ಡರಿಗೆ ಮುಂಗಡ ಅಂತ ಕೊಟ್ಟ ಮುಂದಿನ ತಾರೀಕಿನ ಚೆಕ್, ಸಾಮಾನು ಬರುವ ಮೊದಲೇ ಆರ್ಡರ್ ಕ್ಯಾನ್ಸಲ್ ಆಯ್ತು, ಆಮೇಲೆ ಚೆಕ್ ಬೌನ್ಸ್ ಆದ್ರೆ 138 ಬರುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಇಂಡಸ್ ಏರ್‌ವೇಸ್ ಕೇಸಲ್ಲಿ ಹೇಳಿದೆ, ವಿಮಾನದ ಬಿಡಿಭಾಗದ ಆರ್ಡರಿನ ವಿಷ್ಯ ಅದು. ಕರಾರು ಮುರಿದದ್ದಕ್ಕೆ ಸಿವಿಲ್ ಹೊಣೆ ಇರ್ಬಹುದು, ಅದು ಬೇರೆ ಅಂತಲೂ ಅಲ್ಲೇ ಹೇಳಿದೆ. ನಿಮ್ಮ ಸಂಗತಿ ಇದಕ್ಕೆ ಹತ್ತಿರ ಉಂಟು, ಆದ್ರೆ ಚೆಕ್ಕಿನ ತಾರೀಕಿಗೆ ಮೊದಲೇ ಸ್ವಲ್ಪ ಸಾಮಾನು ನಿಮ್ಮ ಕೈ ಸೇರಿದ್ರೆ ಲೆಕ್ಕ ಬದಲಾಗ್ತದೆ, ಹಾಗಾಗಿ ಪೂರ್ತಿ ತೀರ್ಮಾನ ಆಗುವ ತನಕ ಯಾವ ಐಟಂನೂ ತೆಗೊಂಡು ಬರ್ಬೇಡಿ. ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಹೇಳುದಾದ್ರೆ ಮೊದಲು ಅವರಿಗೆ ಕಾಗದ ಮುಟ್ಟಿರ್ಲಿ, ಆಮೇಲೆ ಹೇಳಿ. ಒಂದು ವೇಳೆ ವಕೀಲರ ನೋಟೀಸು ಬಂದ್ರೆ 15 ದಿನದ ಒಳಗೆ ಉತ್ತರ ಹೋಗ್ಲೇಬೇಕು, ಡ್ರಾಯರಲ್ಲಿ ಇಡ್ಬೇಡಿ.

ಫೋನ್ ಮಾಡಿ ಕೆಲಸ ನಿಲ್ಲಿಸಿದ ಮೇಲೆ, ಕಾಗದ ಕಳಿಸುವ ಮೊದಲು ಮಾರಾಯ್ರೆ, ಒಂದು ರಾತ್ರಿ ಕೂತು ಯೋಚನೆ ಮಾಡಿ, ಹೋಟೆಲೇ ಬೇಡವಾ ಅಥವಾ ಈ ಕಟ್ಟಡ ಮಾತ್ರ ಬೇಡವಾ? ಇನ್ನೊಂದು ಜಾಗ ಎರಡು ಮೂರು ತಿಂಗಳಲ್ಲಿ ಸಿಗ್ತದೆ ಅಂತಿದ್ರೆ ಪೂರ್ತಿ ಕ್ಯಾನ್ಸಲ್ ಮಾಡುದು ದುಡ್ಡು ಸುಮ್ಮನೆ ಕಳ್ಕೊಂಡ ಹಾಗೆ. ಆಗ ಕೇಳ್ಬೇಕಾದ್ದು ಕೆಲಸ ತಡೆಹಿಡಿಯಿರಿ ಅಂತ. ಗ್ರೈಂಡರ್, ಫ್ರಿಜ್, ಭಟ್ಟಿ, ಟೇಬಲ್ ಯಾವ ಕಟ್ಟಡಕ್ಕೂ ಆಗ್ತದೆ, ಅಳತೆಗೆ ಕಟ್ಟಿಬಿದ್ದದ್ದು ಹುಡ್ಡು ಮತ್ತು ಕೌಂಟರ್ ಮಾತ್ರ. ಅವೆರಡನ್ನು ಬಿಡಿಸಿ, ಉಳಿದದ್ದನ್ನು ಇಂತಿಷ್ಟು ತಿಂಗಳೊಳಗೆ ತಕ್ಕೊಳ್ತೇನೆ ಅಂತ ಬರೆದ್ರೆ ಶಾಪಿನವರಿಗೂ ಗಿರಾಕಿ ಉಳೀತಾರೆ, ಹುಡ್ಡಿನ ಲಾಸಲ್ಲೂ ಅವರು ಸ್ವಲ್ಪ ಬಿಡ್ತಾರೆ. ಇದರ ಅಪಾಯ ಎಂತ ಅಂದ್ರೆ ಅಡ್ವಾನ್ಸ್ ಅಲ್ಲೇ ಸಿಕ್ಕಿ ಬೀಳ್ತದೆ, ಸ್ಟೀಲಿನ ರೇಟ್ ಏರಿದ್ರೆ ಹಳೆ ಬೆಲೆಗೆ ಕೊಡುದಿಲ್ಲ ಅಂತಾರೆ. ಹಾಗಾಗಿ ಎಷ್ಟು ದಿನ, ಯಾವ ಬೆಲೆ, ಅಷ್ಟರಲ್ಲಿ ಜಾಗ ಸಿಗದಿದ್ರೆ ಎಂತ, ಈ ಮೂರೂ ಬರಹದಲ್ಲಿ ಇರ್ಬೇಕು. ಜಾಗದ ಬಗ್ಗೆ ಬರೀ ಆಸೆ ಮಾತ್ರ ಇದ್ರೆ ಇದಕ್ಕೆ ಹೋಗ್ಬೇಡಿ, ಮೂರು ತಿಂಗಳ ನಂತರ ಇದೇ ಕಾಗದ ಇನ್ನೂ ಕಷ್ಟದ ಸ್ಥಿತಿಯಲ್ಲಿ ಬರೀಬೇಕಾಗ್ತದೆ.

ಜಿಎಸ್‌ಟಿ ಬಗ್ಗೆ ಚಿಕ್ಕದಾಗಿ. "ನಿಮ್ಮ ಅಡ್ವಾನ್ಸಿಗೆ ಆಗ್ಲೇ ಟ್ಯಾಕ್ಸ್ ಕಟ್ಟಾಗಿದೆ, ಅದು ಹೋಯ್ತು" ಅಂತ ಹೇಳಿದ್ರೆ ಒಪ್ಬೇಡಿ. ಸರಕಿನ ಅಡ್ವಾನ್ಸಿಗೆ ಹಣ ಬಂದಾಗಲೇ ಟ್ಯಾಕ್ಸ್ ಕಟ್ಟುವ ಕ್ರಮ 2017ರ ನವೆಂಬರಿಂದ ಇಲ್ಲ. ಅವರು ಟ್ಯಾಕ್ಸ್ ಇನ್‌ವಾಯ್ಸೇ ಹಾಕಿ ಆಗಿದ್ರೆ ಅದಕ್ಕೆ ಕ್ರೆಡಿಟ್ ನೋಟ್ ಮಾಡಿಸಿಕೊಳ್ಳಿ. ಕ್ಯಾನ್ಸಲ್ ಮೊತ್ತದ ಮೇಲೆ ಜಿಎಸ್‌ಟಿ ಹಾಕ್ತೇನೆ ಅಂದ್ರೆ ಅದು ಕರಾರು ಮುರಿದದ್ದಕ್ಕೆ ಪರಿಹಾರವಾ ಅಥವಾ ಕ್ಯಾನ್ಸಲ್ ಮಾಡುವ ಸೌಕರ್ಯಕ್ಕೆ ಶುಲ್ಕವಾ ಅನ್ನುದರ ಮೇಲೆ ಹೋಗ್ತದೆ, 2022ರ ಆಗಸ್ಟಲ್ಲಿ ಇದಕ್ಕೊಂದು ಸುತ್ತೋಲೆ ಬಂದಿದೆ, ನಿಮ್ಮ ಅಕೌಂಟೆಂಟರಿಗೆ ತೋರಿಸಿ.

ಲೆಕ್ಕ ಒಪ್ಪಿಗೆ ಆದ ಮೇಲೆ ಒಂದು ಪುಟದ ತೀರ್ಮಾನ ಪತ್ರ ಮಾಡಿ ಇಬ್ಬರೂ ಸೈನ್ ಹಾಕಿ. ಹಿಡಿದ ಮೊತ್ತ ಎಷ್ಟು, ವಾಪಸ್ ಎಷ್ಟು, ಯಾವ ತಾರೀಕಿಗೆ, ಚೆಕ್ ವಾಪಸ್ ಬಂತು, ಇನ್ನು ಈ ಆರ್ಡರಿನ ಬಗ್ಗೆ ಒಬ್ಬರಿಗೊಬ್ಬರು ಕೊಡುದು ತಕ್ಕೊಳ್ಳುದು ಇಲ್ಲ. ಅವರಿಗೆ ಈಗ ಕೈಯಲ್ಲಿ ದುಡ್ಡಿಲ್ಲದಿದ್ರೆ, ನಿಮ್ಮ ಅಡ್ವಾನ್ಸ್ ಶೀಟಿಗೆ ಹೋಗಿರ್ತದಲ್ಲ, ಎರಡು ಕಂತಲ್ಲಿ ಕೊಡ್ಲಿ, ಭಟ್ಟಿ ಮಾರಿ ಹೋದ ಮೇಲೆ ಎರಡನೇ ಕಂತು ಅಂತಲ್ಲ, ತಾರೀಕು ಹಾಕಿಯೇ ಬರೀರಿ. ಹುಡ್ಡಿಗೆ ಪೂರ್ತಿ ದುಡ್ಡು ನೀವೇ ಕೊಟ್ಟದ್ದಾದ್ರೆ ಆ ಹುಡ್ಡು ನಿಮ್ಮದು, ಒಂದಾ ತಕ್ಕೊಂಡು ಹೋಗಿ, ಇಲ್ಲಾ ಗುಜರಿ ಬೆಲೆ ಕಳೆಯಿರಿ, ಎರಡೂ ಅವರಲ್ಲೇ ಉಳಿಯುದು ಬೇಡ.

5 ದಿನ ಕಳೆದು ಉತ್ತರವೇ ಬರ್ಲಿಲ್ಲ, ಅಥವಾ "ಒಂದು ಪೈಸೆ ಇಲ್ಲ" ಅಂದ್ರು ಅಂತಾದ್ರೆ ನೀವು ಹಾಕಿದ ಐಟಂವಾರು ಲೆಕ್ಕ ಮತ್ತು ಫೋಟೋ ಸೇರಿಸಿ ಎರಡನೇ ಕಾಗದ ಕಳಿಸಿ, ಅದಕ್ಕೂ ಆಗದಿದ್ರೆ ವಕೀಲರ ನೋಟೀಸು. ಕೋರ್ಟಿಗೆ ಹೋಗ್ಲಿಕ್ಕೆ ಸಾಧಾರಣ 3 ವರ್ಷ ಟೈಮ್ ಉಂಟು, ಆದ್ರೆ ಒಂದು ಲಕ್ಷ ಚಿಲ್ಲರೆಗೆ ಸಿವಿಲ್ ಕೋರ್ಟ್ ಅಲೆಯುದು ಇಬ್ಬರಿಗೂ ಹೇಳಿದ್ದಲ್ಲ. ಅದಕ್ಕಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ರೆ ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸ್ತಾರೆ, ಒಪ್ಪಂದ ಆಗಿ ಲೋಕ ಅದಾಲತಲ್ಲಿ ಆದೇಶ ಆದ್ರೆ ಅದಕ್ಕೆ ಕೋರ್ಟಿನ ಡಿಕ್ರಿಯದ್ದೇ ಬೆಲೆ. ಗ್ರಾಹಕ ಕೋರ್ಟಿಗೆ ಹೋಗ್ಬಹುದಾ ಅಂತ ಕೇಳ್ತೀರಿ ಅಂತ ಗೊತ್ತು, ವ್ಯಾಪಾರಕ್ಕೆ ತಕ್ಕೊಂಡದ್ದಕ್ಕೆ ಅದು ಸಿಗುದಿಲ್ಲ, ಹೊಟ್ಟೆಪಾಡಿಗೆ ನೀವೇ ನಿಂತು ನಡೆಸುವ ಸಣ್ಣ ಹೋಟೆಲ್ ಅಂತಾದ್ರೆ ಮಾತ್ರ ಒಂದು ಅವಕಾಶ ಉಂಟು, ಕೆಲಸದವರನ್ನು ಇಟ್ಟು ಮಾಡುದಾದ್ರೆ ಅಲ್ಲಿ ವಾದ ಸುಲಭ ಇಲ್ಲ. ಕೊಟೇಶನಿನ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದ ಶರತ್ತು ಏನಾದ್ರೂ ಇದ್ರೆ ಅದರ ಫೋಟೋ ಕಳಿಸಿ, ಕಾಗದ ಹೋಗುವ ಮೊದಲು ಒಮ್ಮೆ ನೋಡ್ತೇನೆ.